ಹಳೇ ಕಂಪನಿಗೆ ಹೊರಗಿನಿಂದ ಕೆಲಸ: ಇಮೇಲ್‌ನಲ್ಲಿ ನಾನು ಏನು ಬರೆಯುತ್ತೇನೆ

ಕೆಲಸ ಬಿಟ್ಟ ಕಂಪನಿಗೇ ಹೊರಗಿನಿಂದ ಲೆಕ್ಕಪತ್ರದ ಕೆಲಸ ಮಾಡಿಕೊಡುವಾಗ ಒಂದು ಅನುಕೂಲ, ಒಂದು ತೊಂದರೆ. ನಿಮ್ಮ ಕೆಲಸ ಅವರಿಗೆ ಗೊತ್ತು, ನಿಮ್ಮ ಹಳೇ ಸಂಬಳವೂ ಗೊತ್ತು. "ನಮ್ಮ ಹುಡುಗನೇ ಅಲ್ವಾ" ಎಂಬ ಸಲುಗೆಯಲ್ಲಿ ಕೆಲಸ ಬೆಳೆಯುತ್ತಾ ಹೋಗುತ್ತದೆ, ದುಡ್ಡು ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಮೊದಲ ಇಮೇಲ್‌ನಲ್ಲೇ ಗೆರೆ ಎಳೆಯುತ್ತೇನೆ.

ಇಮೇಲನ್ನು ಎಚ್‌ಆರ್‌ಗೆ ಕಳಿಸುವುದಿಲ್ಲ. ಬಿಲ್ ಪಾಸ್ ಮಾಡುವವರಿಗೆ, ಅಂದರೆ ಸಣ್ಣ ಕಾರ್ಖಾನೆಯಾದರೆ ಮಾಲೀಕರಿಗೆ, ಸ್ವಂತ ಐಡಿಯಿಂದ ಕಳಿಸುತ್ತೇನೆ. ಅದಕ್ಕೆ ಮೊದಲು ರಿಲೀವಿಂಗ್ ಪತ್ರ, ನೇಮಕಾತಿ ಪತ್ರ ಎರಡನ್ನೂ ತೆಗೆದು ಗೌಪ್ಯತೆಯ ಷರತ್ತು ಓದಿಕೊಳ್ಳುತ್ತೇನೆ. ಕೆಲಸ ಬಿಟ್ಟರೂ ಅದು ಉಳಿದಿರುತ್ತದೆ.

ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವ ಕಾರ್ಖಾನೆಗಾದರೆ ಇಮೇಲ್‌ನ ಮುಖ್ಯ ಭಾಗ ಹೀಗಿರುತ್ತದೆ:

"ನಮಸ್ಕಾರ ಸರ್. ಮುಂದಿನ ತಿಂಗಳಿಂದ ನಿಮ್ಮ ಜಿಎಸ್‌ಟಿ ರಿಟರ್ನ್ ಕೆಲಸವನ್ನು ಹೊರಗಿನಿಂದ ಮಾಡಿಕೊಡಬಲ್ಲೆ. ತಿಂಗಳಿಗೆ 150 ಮಾರಾಟದ ಬಿಲ್, 100 ಖರೀದಿ ಬಿಲ್‌ವರೆಗೆ ಎಂಟ್ರಿ, ಜಿಎಸ್‌ಟಿಆರ್-1, 2ಬಿ ತಾಳೆ, ಜಿಎಸ್‌ಟಿಆರ್-3ಬಿ ಸೇರಿ 11,000 ರೂಪಾಯಿ, ಟಿಡಿಎಸ್ ಕಡಿತಕ್ಕೆ ಮುಂಚೆ. ನೋಟಿಸ್‌ಗೆ ಉತ್ತರ, ಬ್ಯಾಂಕ್ ಸಾಲದ ಕಾಗದಪತ್ರ, ಸಂಬಳದ ಲೆಕ್ಕ ಇದರಲ್ಲಿಲ್ಲ. ಹೆಚ್ಚಿನ ಕೆಲಸಕ್ಕೆ ಗಂಟೆಗೆ 600, ನಿಮ್ಮ ಒಪ್ಪಿಗೆ ಬಂದ ಮೇಲಷ್ಟೇ ಶುರು. ಮೊದಲ ಎರಡು ತಿಂಗಳು ಪ್ರಯೋಗಕ್ಕೆ ಇಟ್ಟುಕೊಳ್ಳೋಣ; ಆಮೇಲೆ ಯಾರೇ ನಿಲ್ಲಿಸಬೇಕೆಂದರೂ 30 ದಿನ ಮೊದಲು ತಿಳಿಸುವುದು."

"ಅಕೌಂಟ್ಸ್ ನೋಡಿಕೊಳ್ಳುತ್ತೇನೆ" ಎಂದು ಬರೆದರೆ ಎಲ್ಲವೂ ಅದರೊಳಗೆ ಬಂತು. ಬಿಲ್‌ಗಳ ಸಂಖ್ಯೆ ಹಾಕಿದ್ದರೆ ದೀಪಾವಳಿ ತಿಂಗಳಲ್ಲಿ 240 ಬಿಲ್ ಬಂದಾಗ ಮಾತಿಗೆ ಆಧಾರವಿರುತ್ತದೆ. ಆ ಸಂಖ್ಯೆಯನ್ನು ಅವರ ಹಳೇ ಫೈಲಿನಿಂದ ಎತ್ತುವುದಿಲ್ಲ, ಅವರ ಬಾಯಿಂದಲೇ ಕೇಳಿ ಹಾಕುತ್ತೇನೆ.

ದರದ ಲೆಕ್ಕ ಹೀಗೆ. ವರ್ಷಕ್ಕೆ 6 ಲಕ್ಷ ಸಂಬಳವಿದ್ದವರು ತಿಂಗಳ ಸಂಬಳ 50,000ವನ್ನು ತಿಂಗಳ ಗಂಟೆಗಳಿಗೆ ಭಾಗಿಸಿದರೆ ಗಂಟೆಗೆ 280 ರೂಪಾಯಿ ಆಸುಪಾಸು ಬರುತ್ತದೆ. ಅದನ್ನೇ ಕೇಳಿದರೆ ನಷ್ಟ, ಏಕೆಂದರೆ ಪಿಎಫ್‌ನ ಕಂಪನಿ ಪಾಲು, ರಜೆ, ಆರೋಗ್ಯ ವಿಮೆ, ಸಾಫ್ಟ್‌ವೇರ್, ಇಂಟರ್ನೆಟ್ ಎಲ್ಲವೂ ಈಗ ನಮ್ಮ ತಲೆಗೆ. ಇವಕ್ಕೆ ಒಂದು ಲಕ್ಷ ಸೇರಿಸಿ 7 ಲಕ್ಷ ಮಾಡಿ, ವರ್ಷದಲ್ಲಿ ಬಿಲ್ ಮಾಡಬಲ್ಲ ಗಂಟೆ 1,200 ಎಂದಿಟ್ಟುಕೊಂಡರೆ 583 ಬಂತು. ಅದೇ 600 ಆಗುತ್ತದೆ. ಮೇಲಿನ ಕೆಲಸಕ್ಕೆ ತಿಂಗಳಿಗೆ 18 ಗಂಟೆ ಹಿಡಿದರೆ 10,800, ಅಂದರೆ ಸುಮಾರು 11,000. ಇಮೇಲ್‌ನಲ್ಲಿ ಈ ವಿವರಣೆ ಕೊಡುವುದಿಲ್ಲ. ಕೊಟ್ಟರೆ ಚೌಕಾಸಿ ಶುರುವಾಗುವುದು ಗಂಟೆಯ ಮೇಲೆ. ಕಡಿಮೆ ಮಾಡಿ ಎಂದರೆ ದರ ಇಳಿಸದೆ ಕೆಲಸ ಇಳಿಸುತ್ತೇನೆ: ಎಂಟ್ರಿ ನಿಮ್ಮವರೇ ಮಾಡಲಿ, ತಾಳೆ ಮತ್ತು ರಿಟರ್ನ್ ಮಾತ್ರ ನನ್ನದು.

ವೃತ್ತಿಪರ ಶುಲ್ಕವೆಂದು ಅವರು ಶೇ. 10 ಟಿಡಿಎಸ್ ಹಿಡಿದರೆ ಕೈಗೆ ಬರುವುದು 9,900. ಆ 1,100 ನಮ್ಮ ಪ್ಯಾನ್‌ಗೆ ಜಮೆಯಾಗುವ ದುಡ್ಡು, ಹೋಗುವುದಿಲ್ಲ. ಆದರೆ 11,000 "ಟಿಡಿಎಸ್ ಕಡಿತಕ್ಕೆ ಮುಂಚೆ" ಎಂದು ಬರೆಯದಿದ್ದರೆ ಮೊದಲ ಬಿಲ್ಲಿಗೇ ಗೊಂದಲ.

ಎಲ್ಲರೂ ಮರೆಯುವ ಷರತ್ತು ಅವರು ಕೊಡಬೇಕಾದ್ದರ ತಾರೀಖು. ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು ಕೊನೆ, 3ಬಿಗೆ 20. ನಡುವೆ 14ಕ್ಕೆ 2ಬಿ ಸಿಗುತ್ತದೆ, ಖರೀದಿ ತಾಳೆ ಆಮೇಲೆ. ಹಾಗಾಗಿ ಎರಡನೇ ಪ್ಯಾರಾದಲ್ಲಿ ಬರೆಯುತ್ತೇನೆ: ಮಾರಾಟದ ಬಿಲ್ 5ಕ್ಕೆ, ಖರೀದಿ ಬಿಲ್ 12ಕ್ಕೆ ಬರಬೇಕು, ತಡವಾಗಿ ಕೊಟ್ಟಿದ್ದರಿಂದ ಬೀಳುವ ವಿಳಂಬ ಶುಲ್ಕ ಮತ್ತು ಬಡ್ಡಿ ಕಂಪನಿಯದ್ದು, ನನ್ನ ಕಡೆಯಿಂದ ತಡವಾದರೆ ವಿಳಂಬ ಶುಲ್ಕ ನನ್ನದು. 3ಬಿ ತಡವಾದರೆ ತೆರಿಗೆ ಇರುವ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ, ಜೊತೆಗೆ ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ. ಈ ಸಾಲಿಲ್ಲದಿದ್ದರೆ 19ರ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಬಿಲ್‌ಗಳ ಫೋಟೋ ಬರುತ್ತವೆ.

ಹಳೇ ಲಾಗಿನ್ ಇನ್ನೂ ಚಾಲ್ತಿಯಲ್ಲಿದ್ದರೂ ಮುಟ್ಟುವುದಿಲ್ಲ, ಹೊಸ ಯೂಸರ್ ಕೇಳುತ್ತೇನೆ. ರಿಟರ್ನ್ ಸಲ್ಲಿಸುವ ಒಟಿಪಿ ಮಾಲೀಕರ ಮೊಬೈಲಿಗೇ ಹೋಗಲಿ. ಕರಡು ತೋರಿಸಿ, ಅವರು ಒಪ್ಪಿ ಒಟಿಪಿ ಹೇಳಿದ ಮೇಲೆ ಸಲ್ಲಿಕೆ. ಫೋನ್ ಬೆಳಗ್ಗೆ 10ರಿಂದ ಸಂಜೆ 6ರವರೆಗೆ. ಸ್ಟ್ಯಾಚುಟರಿ ಆಡಿಟ್ ಸಿಎ ಕೆಲಸ, ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ.

ಹಣ ಬರುವ ಅವಧಿಯನ್ನು ಬಿಲ್ ಕೊಟ್ಟ 15 ದಿನ ಎಂದು ಹಾಕುತ್ತೇನೆ. ಉದ್ಯಮ್ ನೋಂದಣಿ ಮಾಡಿಸಿಕೊಂಡವರಿಗೆ ಎಂಎಸ್‌ಎಂಇ ಕಾಯ್ದೆಯಡಿ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಆ ಖರ್ಚನ್ನು ಅದೇ ವರ್ಷದ ಆದಾಯ ತೆರಿಗೆಯಲ್ಲಿ ತೋರಿಸಲು ಕಂಪನಿಗೆ ತೊಡಕಾಗಬಹುದು. ಲೆಕ್ಕ ಗೊತ್ತಿರುವ ಮಾಲೀಕರಿಗೆ ಉದ್ಯಮ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದರೆ ಸಾಕು.

ಉತ್ತರ ಫೋನಿನಲ್ಲಿ ಬಂದರೆ, ಮಾತಾಡಿದ್ದನ್ನು ಅದೇ ಇಮೇಲ್‌ಗೆ ರಿಪ್ಲೈ ಆಗಿ ನಾಲ್ಕು ಸಾಲಿನಲ್ಲಿ ಬರೆದು "ಸರಿ ಇದ್ದರೆ ಓಕೆ ಎಂದು ಕಳಿಸಿ ಸರ್" ಎನ್ನುತ್ತೇನೆ. ಆ ಓಕೆ ಬರುವವರೆಗೆ ಒಂದು ಬಿಲ್ಲೂ ಎಂಟ್ರಿ ಆಗುವುದಿಲ್ಲ.