ಮದುವೆಗೆ ಮುನ್ನ ಕ್ಷೌರ, ಗಡ್ಡ, ಫೇಶಿಯಲ್: ಯಾವುದು ಯಾವ ದಿನ?

ಮನೆಯ ಮದುವೆಯ ಫೋಟೊಗಳಲ್ಲಿ ಹಿಂದಿನ ದಿನ ಕ್ಷೌರ ಮಾಡಿಸಿಕೊಂಡವರನ್ನು ಗುರುತಿಸುವುದು ಸುಲಭ. ಕಿವಿಯ ಸುತ್ತ ಮತ್ತು ಕತ್ತಿನ ಹಿಂದೆ ಬಿಳಿಚಿಕೊಂಡ ಒಂದು ಪಟ್ಟಿ ಎದ್ದು ಕಾಣುತ್ತದೆ. ಅಷ್ಟು ದಿನ ಕೂದಲಿನ ಕೆಳಗಿದ್ದು ಬಿಸಿಲು ಕಾಣದ ಚರ್ಮ ಅದು. ನೆತ್ತಿಯ ಸುಳಿಯಲ್ಲಿ ನಾಲ್ಕು ಕೂದಲು ನೆಟ್ಟಗೆ ನಿಂತಿರುತ್ತವೆ. ಫೇಶಿಯಲ್ ಕೂಡ ಹಿಂದಿನ ದಿನವೇ ಆಗಿದ್ದರೆ ಮೂಗಿನ ಪಕ್ಕದಲ್ಲಿ ಕೆಂಪು ಕಲೆಗಳೂ ಸೇರಿಕೊಳ್ಳುತ್ತವೆ.

ಮೂರೂ ಕೆಲಸವನ್ನು ಒಂದೇ ದಿನ ಮುಗಿಸುವ ಆತುರವೇ ಇದಕ್ಕೆ ಕಾರಣ. ಚರ್ಮ, ತಲೆಗೂದಲು, ಗಡ್ಡ ಮೂರೂ ಒಂದೇ ವೇಗದಲ್ಲಿ ಹದಕ್ಕೆ ಬರುವುದಿಲ್ಲ. ಹಾಗಾಗಿ ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿ ಪ್ರತಿಯೊಂದಕ್ಕೂ ಬೇರೆ ದಿನ ಇಟ್ಟುಕೊಳ್ಳಬೇಕು. ಭಾನುವಾರ ಬೆಳಿಗ್ಗೆ ತಂಗಿಯ ಮದುವೆ ಇರುವ ಒಬ್ಬ ಅಣ್ಣನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಲೆಗೂದಲು ಮಧ್ಯಮ ಉದ್ದ, ಗಡ್ಡ ಚಿಕ್ಕದು.

ಮೊದಲು ಕ್ಷೌರ, ಎಂಟು ದಿನ ಮುಂಚೆ

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಎಂಟು ದಿನಕ್ಕೆ ಹೆಚ್ಚುಕಡಿಮೆ 3 ಮಿಲಿಮೀಟರ್. ನೆತ್ತಿಯ ಮೇಲಿನ ಐದು ಸೆಂಟಿಮೀಟರ್ ಕೂದಲಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಕತ್ತರಿಯ ಗೆರೆ ಮಾಸಿ, ಸುಳಿಯ ಕೂದಲು ಮಲಗಿ, ಬಿಳಿಚಿದ ಪಟ್ಟಿ ಮುಖದ ಬಣ್ಣಕ್ಕೆ ಸ್ವಲ್ಪವಾದರೂ ಹೊಂದಿಕೊಳ್ಳಲು ಈ ಎಂಟು ದಿನ ಬೇಕು. ನಮ್ಮ ಅಣ್ಣ ಹಿಂದಿನ ಶನಿವಾರವೇ ಕ್ಷೌರದಂಗಡಿಗೆ ಹೋಗುವುದು ಇದಕ್ಕಾಗಿ.

ಪಕ್ಕಗಳನ್ನು ಮಷಿನ್ ಹಾಕಿಸಿ ತೀರಾ ಸಣ್ಣಗೆ ಮಾಡಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. 3 ಮಿಲಿಮೀಟರ್ ಇದ್ದ ಕೂದಲು ಎಂಟು ದಿನದಲ್ಲಿ ಎರಡರಷ್ಟಾಗುತ್ತದೆ, ಕಟಿಂಗಿನ ಆಕಾರವೇ ಹೋಗುತ್ತದೆ. ಅಂಥವರು ಮೂರು-ನಾಲ್ಕು ದಿನ ಮುಂಚೆ ಹೋದರೆ ಸಾಕು. ಕೂದಲು ಎಷ್ಟು ಸಣ್ಣದೋ ಕ್ಷೌರ ಮದುವೆಗೆ ಅಷ್ಟು ಹತ್ತಿರ.

ಹೊಸ ಶೈಲಿಯ ಪ್ರಯೋಗಕ್ಕೆ ಇದು ಸಮಯವಲ್ಲ. ಆಸೆಯಿದ್ದರೆ ಒಂದು ಸುತ್ತು ಮೊದಲೇ, ಐದಾರು ವಾರ ಮುಂಚೆ ಮಾಡಿಸಿ ನೋಡಬೇಕು. ಈ ಸಲ ಕ್ಷೌರಿಕನಿಗೆ ಹೇಳಬೇಕಾದ ಮಾತು ಒಂದೇ: ‘ಯಾವಾಗಲೂ ಮಾಡುವ ಹಾಗೆಯೇ ಮಾಡಿ, ಆದರೆ ಒಂಚೂರು ಉದ್ದವೇ ಬಿಡಿ.’ ಉದ್ದವಾದದ್ದನ್ನು ಆಮೇಲೂ ಸರಿಮಾಡಬಹುದು. ಗಿಡ್ಡವಾದರೆ ಯಾರ ಕೈಯಲ್ಲೂ ಏನೂ ಇಲ್ಲ.

ಬಿಳಿಕೂದಲಿಗೆ ಬಣ್ಣ ಹಚ್ಚುವವರು ಅದನ್ನು ನಾಲ್ಕೈದು ದಿನ ಮುಂಚೆ ಮುಗಿಸಲಿ. ಹಣೆಯಂಚಿಗೆ ಮೆತ್ತಿದ ಕರೆ ಎರಡು-ಮೂರು ಸ್ನಾನದಲ್ಲಿ ಹೋಗುತ್ತದೆ. ಹೊಸ ಬಣ್ಣವಾದರೆ ಹಚ್ಚುವುದಕ್ಕೆ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ, ತುರಿಕೆ ಬರುತ್ತದೆಯೇ ಎಂದು ನೋಡಿಕೊಳ್ಳಲೇಬೇಕು.

ಫೇಶಿಯಲ್‌ಗೆ ಒಂದು ವಾರದ ಅಂತರ

ಮೂರರಲ್ಲಿ ಹೆಚ್ಚು ಅಪಾಯದ್ದು ಇದೇ. ಫೇಶಿಯಲ್ ಎಂದರೆ ಬರೀ ಮಸಾಜ್ ಅಲ್ಲ. ಉಜ್ಜುವುದು, ಹಬೆ ಹಿಡಿಯುವುದು, ಮೂಗಿನ ಮೇಲಿನ ಕಪ್ಪುಚುಕ್ಕೆಗಳನ್ನು ಒತ್ತಿ ತೆಗೆಯುವುದು, ಕೊನೆಗೆ ಲೇಪ, ಇಷ್ಟೂ ಸೇರಿರುತ್ತದೆ. ಪ್ರತಿಯೊಂದೂ ಚರ್ಮವನ್ನು ಸ್ವಲ್ಪ ಕೆಣಕುತ್ತದೆ, ಮತ್ತು ಅದರ ಫಲ ಒಂದೇ ದಿನ ಗೊತ್ತಾಗುವುದಿಲ್ಲ. ಉಜ್ಜಿದ ಕೆಂಪು ರಾತ್ರಿಯೊಳಗೆ ಇಳಿಯುತ್ತದೆ. ಒತ್ತಿ ತೆಗೆದ ಜಾಗದಲ್ಲಿ ಸಣ್ಣ ಹಕ್ಕಳೆ ಕಟ್ಟಿದರೆ ಅದು ಉದುರಲು ಮೂರು-ನಾಲ್ಕು ದಿನ ಬೇಕು. ಕ್ರೀಮು ಒಗ್ಗದಿದ್ದರೆ ತುರಿಕೆ ಒಂದೆರಡು ದಿನ ತಡವಾಗಿಯೂ ಬರಬಹುದು. ಜಿಡ್ಡಿನ ಮಸಾಜ್ ಕ್ರೀಮಿನಿಂದ ರಂಧ್ರ ಮುಚ್ಚಿ ಏಳುವ ಗುಳ್ಳೆಗಳು ಇನ್ನೂ ನಿಧಾನ. ಶುಕ್ರವಾರ ಫೇಶಿಯಲ್ ಮಾಡಿಸಿದವರ ಮುಖದಲ್ಲಿ ಭಾನುವಾರ ಗುಳ್ಳೆ ಏಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾಗಿ ನಮ್ಮ ಅಣ್ಣನ ಫೇಶಿಯಲ್ ಹಿಂದಿನ ಭಾನುವಾರ, ಕ್ಷೌರದ ಮಾರನೆಯ ದಿನ. ಅದಕ್ಕೂ ಒಂದು ಷರತ್ತಿದೆ: ಅವನು ಇದೇ ಫೇಶಿಯಲ್ ಅನ್ನು ಹಿಂದೆ ಮಾಡಿಸಿ ಒಗ್ಗಿಸಿಕೊಂಡಿರಬೇಕು. ಜೀವನದಲ್ಲಿ ಮೊದಲ ಸಲ ಮಾಡಿಸುವವರು ಒಂದು ತಿಂಗಳು ಮುಂಚೆ ಮಾಡಿಸಿ ಚರ್ಮದ ಪ್ರತಿಕ್ರಿಯೆ ನೋಡಿಕೊಳ್ಳಲಿ. ಅಷ್ಟು ಸಮಯವಿಲ್ಲದಿದ್ದರೆ ಬಿಟ್ಟುಬಿಡುವುದೇ ಜಾಣತನ. ಫೇಶಿಯಲ್ ಇಲ್ಲದ ಮುಖವನ್ನು ಯಾರೂ ಗಮನಿಸುವುದಿಲ್ಲ, ಕೆಂಪೇರಿದ ಮುಖವನ್ನು ಎಲ್ಲರೂ ವಿಚಾರಿಸುತ್ತಾರೆ.

ಫೇಶಿಯಲ್‌ಗೆ ಒಂದು ದಿನ ಹಿಂದೆ ಮತ್ತು ಒಂದು ದಿನ ಮುಂದೆ ಮುಖಕ್ಕೆ ರೇಜರ್ ಮುಟ್ಟಿಸಬಾರದು. ರೇಜರಿನ ಕಣ್ಣಿಗೆ ಕಾಣದ ಗೀರುಗಳ ಮೇಲೆ ಸ್ಕ್ರಬ್ ಉಜ್ಜಿದರೆ ಉರಿ ಖಚಿತ. ಮೊಡವೆಗೆ ರೆಟಿನಾಯ್ಡ್ ಮುಲಾಮು ಹಚ್ಚುತ್ತಿರುವವರು ಅದನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಎಂದು ಮುಲಾಮು ಬರೆದುಕೊಟ್ಟ ವೈದ್ಯರನ್ನೇ ಕೇಳುವುದು ಒಳ್ಳೆಯದು. ರೂಢಿಯಿಲ್ಲದ ಬ್ಲೀಚ್ ಬೇಡವೇ ಬೇಡ.

ಮರುದಿನ ಬೆಳಿಗ್ಗೆಯೂ ಕೆಂಪು ಇದ್ದು ತುರಿಕೆಯೂ ಜೊತೆಗಿದ್ದರೆ ಏನೋ ಒಗ್ಗಿಲ್ಲ ಎಂದರ್ಥ. ಆಗ ಮುಖಕ್ಕೆ ತಣ್ಣೀರು ಮತ್ತು ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಬಿಟ್ಟು ಬೇರೇನೂ ಹಚ್ಚಬೇಡಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಲು ಇನ್ನೂ ಆರು ದಿನವಿದೆ. ಒಂದು ವಾರ ಮುಂಚೆ ಮಾಡಿಸುವುದರ ನಿಜವಾದ ಲಾಭ ಇದು.

ಗಡ್ಡ ಕೊನೆಗೆ, ಎರಡು ಕಂತಿನಲ್ಲಿ

ಗಡ್ಡ ದಿನಕ್ಕೆ ಸುಮಾರು ಮೂರನೇ ಒಂದು ಮಿಲಿಮೀಟರ್ ಬೆಳೆಯುತ್ತದೆ. ನಮ್ಮ ಅಣ್ಣನಿಗೆ ಮದುವೆಯ ದಿನ 6 ಮಿಲಿಮೀಟರ್ ಗಡ್ಡ ಬೇಕು. ಗುರುವಾರ ಸಂಜೆ ಟ್ರಿಮ್ಮರ್ ಅನ್ನು 5ಕ್ಕೆ ಇಟ್ಟು ಕತ್ತರಿಸಿದರೆ ಭಾನುವಾರ ಬೆಳಿಗ್ಗೆ ಅದು ಹೆಚ್ಚುಕಡಿಮೆ 6 ಆಗಿರುತ್ತದೆ, ಮಷಿನ್ ಓಡಿದ ಗುರುತೂ ಮಾಸಿರುತ್ತದೆ. ಗಡ್ಡ ಒಣಗಿರಬೇಕು. ಒದ್ದೆ ಕೂದಲು ಉದ್ದ ಕಾಣುವುದರಿಂದ ಕೈ ತಪ್ಪಿ ಹೆಚ್ಚು ಕತ್ತರಿಸಿಬಿಡುತ್ತೇವೆ. ಮೊದಲ ಸಲ ಒಂದು ಅಳತೆ ದೊಡ್ಡದಿಟ್ಟು ಕೂದಲು ಮಲಗುವ ದಿಕ್ಕಿನಲ್ಲಿ ಎಳೆದು, ಆಮೇಲೆ ಬೇಕಾದ ಅಳತೆಗೆ ಇಳಿಯುವುದು ಕ್ಷೇಮ.

ಅದೇ ಗುರುವಾರ ಕ್ಷೌರದಂಗಡಿಯಲ್ಲಿ ಐದು ನಿಮಿಷದ ಇನ್ನೊಂದು ಕೆಲಸವಿದೆ. ಎಂಟು ದಿನದಲ್ಲಿ ತಲೆಯ ಕೂದಲು ಹದಕ್ಕೆ ಬಂದರೂ ಕತ್ತಿನ ಹಿಂದೆ ಮತ್ತು ಕಿವಿಯ ಸುತ್ತ ಕಿರುಗೂದಲು ಎದ್ದಿರುತ್ತದೆ. ಅಷ್ಟನ್ನು ಮಾತ್ರ ತೆಗೆಸಬೇಕು, ತಲೆಗೆ ಕತ್ತರಿ ತಾಗಿಸಬಾರದು. ‘ಬಂದಿದ್ದೀರಲ್ಲ, ಮೇಲೂ ಸ್ವಲ್ಪ ತೆಗೆಯಲೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಬೇಡ ಎಂದೇ ಇರಲಿ.

ಕುತ್ತಿಗೆಯ ಗೆರೆಯನ್ನು ಶನಿವಾರ ರಾತ್ರಿ ಸ್ನಾನದ ನಂತರ ತೆಗೆದರೆ ರೇಜರಿನ ಕೆಂಪು ಬೆಳಗಾಗುವುದರೊಳಗೆ ಇಳಿಯುತ್ತದೆ. ಗಂಟಲಮಣಿಯಿಂದ ಎರಡು ಬೆರಳು ಮೇಲಕ್ಕೆ ಗೆರೆ ಗುರುತಿಸಿ, ಆ ಗೆರೆಯ ಕೆಳಗಿನದನ್ನು ಮಾತ್ರ ಬೋಳಿಸಬೇಕು. ದವಡೆಯವರೆಗೆ ಏರಿಸಿದರೆ ಗಡ್ಡ ಅಂಟಿಸಿದ ಹಾಗೆ ಕಾಣುತ್ತದೆ. ಗುಂಗುರು ಕೂದಲಿನವರು ಕೂದಲಿಗೆ ಎದುರಾಗಿ ರೇಜರ್ ಎಳೆಯಬಾರದು. ತುದಿ ಚರ್ಮದೊಳಕ್ಕೇ ಬಾಗಿ ಗುಳ್ಳೆಯಾಗುತ್ತದೆ.

ಇನ್ನು ಮೂರೇ ದಿನ ಉಳಿದಿದೆ ಎನ್ನುವವರು ಫೇಶಿಯಲ್ ಆಸೆ ಬಿಡಲಿ. ಅಂದೇ ಹೋಗಿ ಕತ್ತರಿಯಿಂದ ಮಾತ್ರ ಕೂದಲು ಸಣ್ಣ ಮಾಡಿಸಲಿ, ಕಿವಿಯ ಸುತ್ತ ಮತ್ತು ಕತ್ತಿನ ಹಿಂದೆ ಈಗಿರುವ ಗೆರೆಯನ್ನು ಮೇಲಕ್ಕೆ ಏರಿಸದಂತೆ ಹೇಳಲಿ. ಆಗ ಬಿಳಿಚಿದ ಪಟ್ಟಿ ಹೊರಬೀಳುವುದಿಲ್ಲ.