ಒಂದೇ ಡ್ರಮ್ಮಿಗೆ ಎರಡು ಗೊಬ್ಬರ ಹಾಕಿದರೆ ಗಸಿ ಕೂರುತ್ತಾ?

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ತಮ್ಮ ಅರಸೀಕೆರೆ ಕಡೆ ಡ್ರಿಪ್‌ನಲ್ಲಿ ಟೊಮೇಟೊ ಬೆಳೆಯುತ್ತಾನೆ. ಕಾಯಿಯ ತುದಿ ಕಪ್ಪಾಗಿ ಕೊಳೆಯದಿರಲಿ ಅಂತ ಕ್ಯಾಲ್ಸಿಯಂ ನೈಟ್ರೇಟ್ ಕೊಡುತ್ತಾನೆ. ಹಳೇ ಎಲೆ ಹಳದಿಯಾಗತೊಡಗಿದಾಗ ಮೆಗ್ನೀಸಿಯಂ ಸಲ್ಫೇಟ್ ಕೂಡ ತಂದ. "ಅಣ್ಣ, ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಬಿಡ್ಲಾ? ಎರಡು ಸಲ ಕಲಸೋ ಕೆಲಸ ತಪ್ಪುತ್ತೆ" ಅಂದ. ಲೆಕ್ಕ ಹಾಕಿ ಹೇಳ್ತೀನಿ, ಅಲ್ಲಿವರೆಗೆ ತಡಿ ಅಂದೆ.

ಎರಡೂ ನೀರಲ್ಲಿ ಚೆನ್ನಾಗಿ ಕರಗುವ ಲವಣಗಳೇ. ಆದರೆ ಒಟ್ಟಿಗೆ ಸೇರಿದಾಗ ಒಂದರ ಕ್ಯಾಲ್ಸಿಯಂಗೆ ಇನ್ನೊಂದರ ಸಲ್ಫೇಟ್ ಎದುರಾಗುತ್ತದೆ. ಈ ಜೋಡಿಯಿಂದ ಆಗುವುದು ಜಿಪ್ಸಂ, ಅಂದರೆ ನೀರು ಸೇರಿಕೊಂಡ ಕ್ಯಾಲ್ಸಿಯಂ ಸಲ್ಫೇಟ್ ಹರಳು, ಅದು ಅಷ್ಟಾಗಿ ಕರಗುವುದಿಲ್ಲ. ಅಯಾನಿಕ್ ಗುಣಲಬ್ಧ ಅಂದರೆ ಬೆರೆಸಿದ ಕ್ಷಣದಲ್ಲಿ ಈ ಎರಡು ಅಯಾನುಗಳ ಸಾರತೆಗಳನ್ನು ಗುಣಿಸಿದಾಗ ಬರುವ ಸಂಖ್ಯೆ. ಅದನ್ನು Q ಅನ್ನೋಣ. ದ್ರಾವಣ ತಡೆದುಕೊಳ್ಳುವ ಗಡಿ Ksp. Q ಗಡಿ ದಾಟಿದರೆ ಗಸಿ ಕೂರಬೇಕು, ಒಳಗಿದ್ದರೆ ಕೂರಬಾರದು.

ತಮ್ಮನ ಲೆಕ್ಕ 200 ಲೀಟರ್ ಡ್ರಮ್ಮಿಗೆ 10 ಕಿಲೋ ಕ್ಯಾಲ್ಸಿಯಂ ನೈಟ್ರೇಟ್, 5 ಕಿಲೋ ಮೆಗ್ನೀಸಿಯಂ ಸಲ್ಫೇಟ್. ಒಂದೊಂದನ್ನೂ 100 ಲೀಟರಿನಲ್ಲಿ ಕರಗಿಸಿ ಆಮೇಲೆ ಸೇರಿಸುತ್ತಾನೆ ಅಂದುಕೊಳ್ಳಿ. ಗೊಬ್ಬರದ ಚೀಲದ ಮೇಲೆ ಕ್ಯಾಲ್ಸಿಯಂ 18.8 ಶೇಕಡಾ ಅಂತ ಬರೆದಿರುತ್ತದೆ. ಲೀಟರಿಗೆ 100 ಗ್ರಾಂ ಗೊಬ್ಬರ ಅಂದರೆ 18.8 ಗ್ರಾಂ ಕ್ಯಾಲ್ಸಿಯಂ. 40ರಿಂದ ಭಾಗಿಸಿದರೆ 0.47 ಮೋಲಾರ್. ಮೆಗ್ನೀಸಿಯಂ ಸಲ್ಫೇಟ್ ಹರಳಿನ ಮೋಲಾರ್ ತೂಕ 246.5. ಲೀಟರಿಗೆ 50 ಗ್ರಾಂ ಅಂದರೆ ಸಲ್ಫೇಟ್ ಸುಮಾರು 0.20 ಮೋಲಾರ್.

ಇಲ್ಲಿ ನನ್ನ ವಿದ್ಯಾರ್ಥಿಗಳು 0.47 ಮತ್ತು 0.20 ಅನ್ನು ನೇರವಾಗಿ ಗುಣಿಸಿಬಿಡುತ್ತಾರೆ. ಹಾಗೆ ಮಾಡಬಾರದು. ಎರಡು ದ್ರಾವಣ ಸೇರಿದ ಕೂಡಲೇ ಗಾತ್ರ ಎರಡರಷ್ಟಾಯಿತು, ಅಲ್ವಾ? ಎರಡೂ ಸಾರತೆ ಅರ್ಧಕ್ಕೆ ಇಳಿದವು, ಗುಣಲಬ್ಧ ಕಾಲು ಭಾಗಕ್ಕೆ ಇಳಿಯಿತು. ಅದಕ್ಕೇ ಮೊದಲು ಬೆರಕೆಯ ಒಟ್ಟು ಗಾತ್ರ, ಆಮೇಲೆ ಅದರಲ್ಲಿನ ಹೊಸ ಸಾರತೆ, ಕೊನೆಗೆ ಗುಣಾಕಾರ.

```
Q = 0.235 × 0.10 = 2.4 × 10⁻²
```

ಜಿಪ್ಸಂನ Ksp 25 ಡಿಗ್ರಿಯಲ್ಲಿ ಸುಮಾರು 3.1 × 10⁻⁵. Q ಅದರ ಏಳುನೂರು ಪಟ್ಟಿಗೂ ಜಾಸ್ತಿ. ಡ್ರಮ್ಮಿನಲ್ಲಿ ಗಸಿ ಖಂಡಿತ. ಸಲ್ಫೇಟ್‌ನ ಬಹುಪಾಲು ಜಿಪ್ಸಂ ಆಗಿ ಕೂತರೆ ತಳದಲ್ಲಿ ಎರಡು ಕಿಲೋಗೂ ಹೆಚ್ಚು ಪುಡಿ ಸಿಗುತ್ತದೆ. ಕೊಟ್ಟ ಗೊಬ್ಬರ ಗಿಡಕ್ಕೆ ಹೋಗುವ ಬದಲು ಫಿಲ್ಟರಿಗೆ ಹೋಗುತ್ತದೆ. ಡ್ರಿಪ್ಪರ್ ಒಳಗೆ ಕೂತರೆ ಇನ್ನೂ ಕಷ್ಟ. ಸುಣ್ಣ ಕಟ್ಟಿಕೊಂಡ ಲೈನಿಗೆ ಆಸಿಡ್ ಬಿಟ್ಟು ತೊಳೆಯುತ್ತೇವಲ್ಲ, ಆ ಉಪಾಯ ಜಿಪ್ಸಂ ಮುಂದೆ ನಡೆಯುವುದಿಲ್ಲ.

ಹಾಗಾದರೆ ಎರಡು ಬೇರೆ ಡ್ರಮ್ ಇಟ್ಟು ಒಂದೇ ಹೊತ್ತಿಗೆ ಲೈನಿಗೆ ಬಿಟ್ಟರೆ? ನನಗೆ ನಿಜವಾಗಿ ಆಸಕ್ತಿ ಹುಟ್ಟಿಸಿದ್ದು ಈ ಪ್ರಶ್ನೆ. ಲೈನಿನಲ್ಲಿ ಪ್ರತಿ ದ್ರಾವಣವೂ ನೂರು ಪಟ್ಟು ತೆಳುವಾಗುತ್ತದೆ ಅಂತಿಟ್ಟುಕೊಂಡೆ. ಕ್ಯಾಲ್ಸಿಯಂ 0.0047, ಸಲ್ಫೇಟ್ 0.0020. ಆದರೆ ಬೋರ್‌ವೆಲ್ ನೀರು ಗಡಸು. ಅವನ ನೀರಿನ ವರದಿಯಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು, ಅಂದರೆ 0.0025 ಮೋಲಾರ್. ದ್ರಾವಣಕ್ಕೆ ಕ್ಯಾಲ್ಸಿಯಂ ಎಲ್ಲಿಂದ ಬಂದರೂ ಒಂದೇ, ಅದನ್ನೂ ಕೂಡಿಸಲೇಬೇಕು.

```
Q = (0.0047 + 0.0025) × 0.0020 = 1.4 × 10⁻⁵
```

ಇದು 3.1 × 10⁻⁵ ಗಿಂತ ಕಡಿಮೆ. ಗಸಿ ಬರಬಾರದು. ಆದರೆ ಪಿಯುಸಿ ಪುಸ್ತಕದ ಪಟ್ಟಿ ನೋಡಿದರೆ ಕ್ಯಾಲ್ಸಿಯಂ ಸಲ್ಫೇಟ್‌ಗೆ 9.1 × 10⁻⁶ ಅಂತಿದೆ. ಆ ಸಂಖ್ಯೆ ಹಿಡಿದರೆ ಗಸಿ ಬರಬೇಕು! ಯಾವುದನ್ನು ನಂಬುವುದು?

ನಾನು ಕರಗುವಿಕೆಯಿಂದ ತಾಳೆ ನೋಡಿದೆ. ಜಿಪ್ಸಂ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಕರಗುತ್ತದೆ. ಅಂದರೆ ಹತ್ತಿರ ಹತ್ತಿರ 0.015 ಮೋಲಾರ್. 9.1 × 10⁻⁶ ರ ವರ್ಗಮೂಲ ತೆಗೆದರೆ ಬರುವುದು 0.003 ಮಾತ್ರ. 3.1 × 10⁻⁵ ಕೊಡುವುದು 0.0056. ಎರಡೂ ಕಡಿಮೆ ಹೇಳುತ್ತವೆ, ಆದರೆ ಮೊದಲನೆಯದು ತೀರಾ ಕಡಿಮೆ. ಪರೀಕ್ಷೆಯಲ್ಲಿ ಪ್ರಶ್ನೆಯಲ್ಲಿ ಕೊಟ್ಟ Ksp ಬಳಸಿ. ತೋಟಕ್ಕೆ ಮಾತ್ರ ಜಿಪ್ಸಂನದೇ ಸಂಖ್ಯೆ ಬೇಕು.

ಉಳಿದ ವ್ಯತ್ಯಾಸಕ್ಕೂ ಕಾರಣ ಇದೆ. ಎರಡು ಧನ, ಎರಡು ಋಣ ಆವೇಶದ ಅಯಾನುಗಳು ಒಂದನ್ನೊಂದು ಬಲವಾಗಿ ಎಳೆಯುತ್ತವೆ. ಕೆಲವು ಕ್ಯಾಲ್ಸಿಯಂ ಮತ್ತು ಸಲ್ಫೇಟ್ ದ್ರಾವಣದಲ್ಲೇ ಜೋಡಿಯಾಗಿ ಓಡಾಡುತ್ತವೆ, ಹರಳಾಗುವುದಿಲ್ಲ. ಸುತ್ತ ನೈಟ್ರೇಟ್, ಮೆಗ್ನೀಸಿಯಂ ಇದ್ದರೆ ಅವು ಇವನ್ನು ಇನ್ನಷ್ಟು ಮರೆ ಮಾಡುತ್ತವೆ. ಹಾಗಾಗಿ ಕೈಲೆಕ್ಕದ ಸಾರತೆ ದೊಡ್ಡದಾಗಿ ಕಂಡರೂ ಕೆಲಸಕ್ಕೆ ಬರುವ ಸಾರತೆ ಕಡಿಮೆ.

ಇದನ್ನು ಕಣ್ಣಲ್ಲೇ ನೋಡಬೇಕು ಅಂತ ಗಾಜಿನ ಬಾಟಲಿ ತೆಗೆದುಕೊಂಡೆ. 10 ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನು ಕರಗಿಸಿ 100 ಮಿಲಿ ಮಾಡಿದೆ, 5 ಗ್ರಾಂ ಮೆಗ್ನೀಸಿಯಂ ಸಲ್ಫೇಟನ್ನು ಇನ್ನೊಂದು 100 ಮಿಲಿ. ನೀರು ತಮ್ಮನ ಬೋರ್‌ವೆಲ್‌ನದೇ. ಎರಡನ್ನೂ ಸಮಸಮ ಬೆರೆಸಿದ ಬಾಟಲಿ ಬೆಳ್ಳಗಾಗಿ ತಳದಲ್ಲಿ ಗಸಿ ಕೂತಿತು. ಎರಡರಿಂದಲೂ 10 ಮಿಲಿ ತೆಗೆದು ಲೀಟರ್ ನೀರಿಗೆ ಹಾಕಿದ ಬಾಟಲಿ ರಾತ್ರಿಯೆಲ್ಲ ಇಟ್ಟರೂ ತಿಳಿಯಾಗೇ ಇತ್ತು. ಮೂರನೆಯದು ಮಧ್ಯದ್ದು. ಎರಡರಿಂದಲೂ 5 ಮಿಲಿ ತೆಗೆದು ಒಟ್ಟು 100 ಮಿಲಿ ಮಾಡಿದೆ. ಲೆಕ್ಕದ ಪ್ರಕಾರ ಅದರ Q ಸುಮಾರು 2.6 × 10⁻⁴, ಗಡಿಯ ಎಂಟು ಪಟ್ಟು. ಅದೂ ಬೆಳಿಗ್ಗೆ ತಿಳಿಯಾಗಿತ್ತು!

ಅದಕ್ಕೇ ನಾನು ಹೀಗೆ ತೀರ್ಮಾನ ಮಾಡುತ್ತೇನೆ: Q ಗಡಿಯ ಒಳಗಿದ್ದರೆ ಜಿಪ್ಸಂ ಭಯ ಇಲ್ಲ. ನೂರಾರು ಪಟ್ಟು ದಾಟಿದರೆ ಗಸಿ ಗ್ಯಾರಂಟಿ. ಕೆಲವು ಪಟ್ಟು, ಹತ್ತಾರು ಪಟ್ಟು ಮಾತ್ರ ದಾಟಿದ್ದರೆ ಲೆಕ್ಕ ಸಾಲದು, ಬಾಟಲಿ ನೋಡಬೇಕು. ಬೆರೆಸಿದ ಕೂಡಲೇ ನೋಡಿ ಬಿಸಾಡಬೇಡಿ. ಜಿಪ್ಸಂ ಹರಳು ಶುರುವಾಗುವುದಕ್ಕೇ ಕೆಲವೊಮ್ಮೆ ಗಂಟೆಗಟ್ಟಲೆ ಬೇಕು. ಗಾಜಿನ ಕಡ್ಡಿಯಿಂದ ಬಾಟಲಿಯ ಒಳಗೋಡೆ ಸ್ವಲ್ಪ ಗೀರಿ ಒಂದು ರಾತ್ರಿ ಬಿಡಿ.

ಬೆಳ್ಳಗೆ ಕಂಡದ್ದೆಲ್ಲ ಜಿಪ್ಸಂ ಅಲ್ಲ ಅನ್ನುವುದೂ ನೆನಪಿರಲಿ. ಗಡಸು ನೀರಿಗೆ ಕ್ಯಾಲ್ಸಿಯಂ ಸೇರಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಬರಬಹುದು, ಅದು ನೀರಿನ pH ಮೇಲೆ ನಿಂತಿದೆ. ಗಸಿಗೆ ವಿನೆಗರ್ ಹಾಕಿ. ನೊರೆ ಬಂದರೆ ಕಾರ್ಬೊನೇಟ್, ಬರದಿದ್ದರೆ ಇಲ್ಲಿ ಜಿಪ್ಸಂ ಇರಬೇಕು.

ತಮ್ಮ ಈಗ ಎರಡು ಡ್ರಮ್ ಇಟ್ಟಿದ್ದಾನೆ. "ಮೋನೊ ಅಮೋನಿಯಂ ಫಾಸ್ಫೇಟ್ ಯಾವ ಡ್ರಮ್ಮಿಗೆ?" ಅಂತ ಕೇಳಿದ. ಮೆಗ್ನೀಸಿಯಂ ಸಲ್ಫೇಟ್ ಕಡೆಗೆ ಅಂದೆ, ಕ್ಯಾಲ್ಸಿಯಂ ಹತ್ತಿರ ಬೇಡವೇ ಬೇಡ. ಕ್ಯಾಲ್ಸಿಯಂ ಫಾಸ್ಫೇಟ್‌ಗಳ ಗಡಿ ಜಿಪ್ಸಂಗಿಂತ ಎಷ್ಟೋ ಕೆಳಗಿದೆ. ನೂರು ಪಟ್ಟು ತೆಳುವಾದ ಲೈನಿನಲ್ಲೂ, ನೀರಿನ pH ಜಾಸ್ತಿ ಇದ್ದರೆ, Q ಆ ಗಡಿ ದಾಟಬಹುದು. ಹಾಗಾಗಿ ಫಾಸ್ಫೇಟ್ ಬಿಡುವ ದಿನ ಅವನು ಕ್ಯಾಲ್ಸಿಯಂ ಡ್ರಮ್ಮಿನ ವಾಲ್ವ್ ತೆರೆಯುವುದಿಲ್ಲ.