ಸ್ವರ ಬಿಟ್ಟು ಗುರು-ಲಘು ಹಿಡಿದೆ, ಹಾಡು ಸಿಕ್ಕಿತು

ಹುಬ್ಬಳ್ಳಿಯಲ್ಲಿ ನನ್ನದು ಮದುವೆ, ಹುಟ್ಟುಹಬ್ಬದ ವಿಡಿಯೋ ಎಡಿಟಿಂಗ್ ಕೆಲಸ. ಒಬ್ಬರು ಮೂರು ವರ್ಷದ ಮಗನ ವಿಡಿಯೋ ತಂದರು. ಅವನು ಬಟ್ಟಲು ಬಡಿಯುತ್ತ ‘ತೋಟದಾಗ ಗೋಬಿ ತಂದಿತ್ತ’ ಅಂತ ಹಾಡುತ್ತಿದ್ದ. ಮೂಲ ಹಾಡು ಹುಡುಕಿ ಹಿನ್ನೆಲೆಗೆ ಹಾಕಿಕೊಡಿ ಅಂದರು. ಮನೆಯಲ್ಲಿ ಎಲ್ಲರಿಗೂ ಅದು ಯಾವುದೋ ಸಿನಿಮಾದ್ದು ಅಂತ ಅನುಮಾನ.

ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿದರೆ ಏನೂ ಬರಲಿಲ್ಲ. ಅದು ಹುಡುಕುವುದು ರೆಕಾರ್ಡಿಂಗನ್ನು, ರಾಗವನ್ನಲ್ಲ. ಗುನುಗಿ ಹುಡುಕುವ ಸೌಲಭ್ಯ ಪ್ರತಿ ಸಲ ಬೇರೆ ಬೇರೆ ಹಾಡು ತೋರಿಸಿತು. ಸ್ಟುಡಿಯೋದ ಗೆಳೆಯನಿಗೆ ಐನೂರೋ ಆರುನೂರೋ ಕೊಟ್ಟು ಶ್ರುತಿ ಸರಿ ಮಾಡಿಸಿದೆ. ಇನ್ನೂ ಕೆಟ್ಟಿತು. ಸಾಫ್ಟ್‌ವೇರ್ ಪ್ರತಿ ಸ್ವರವನ್ನೂ ಹತ್ತಿರದ ಸ್ವರಕ್ಕೆ ಎಳೆಯುತ್ತದೆ. ಹುಡುಗ ಎರಡು ಸ್ವರಗಳ ನಡುವಿನ ಅಂತರದಲ್ಲಿ ಅರ್ಧಕ್ಕಿಂತ ಜಾಸ್ತಿ ಜಾರಿದ್ದರೆ ಆ ಹತ್ತಿರದ್ದೇ ತಪ್ಪು ಸ್ವರ, ಅಲ್ವಾ?

ಆಮೇಲೆ ರಾಗದ ಸಹವಾಸವೇ ಬಿಟ್ಟೆ. ‘ಗುರು-ಲಘು ಹಾಕಿ ಹಾಡು ಹುಡುಕ್ತಾನಂತ’ ಅಂತ ಗೆಳೆಯ ನಕ್ಕ. ನಗಲಿ. ಮಕ್ಕಳು ಮಾತು ಬದಲಿಸಿದರೂ ಅಕ್ಷರದ ಉದ್ದ ಬದಲಿಸುವುದು ಕಡಿಮೆ. ವ್ಯಂಜನ ಹೋಗುತ್ತದೆ, ಸ್ವರಾಕ್ಷರ ಬಹಳ ಕಡೆ ಉಳಿಯುತ್ತದೆ. ವೇಗ ಮುಕ್ಕಾಲಿಗೆ ಇಳಿಸಿ ಬರೆದುಕೊಂಡೆ:

ತೋ ಟ ದಾ ಗ | ಗೋ ಬಿ | ತಂ ದಿ ತ್ತ
– ∪ – ∪ | – ∪ | – – ∪

ಉಸಿರು ನಿಂತಲ್ಲಿ ಸಾಲು ಮುಗಿಯಿತು ಅಂತ ತಿಳಿಯಬಾರದು. ಮಕ್ಕಳು ಪದದ ನಡುವೆಯೇ ಉಸಿರು ಎಳೆಯುತ್ತಾರೆ. ಸಾಲು ಎಲ್ಲಿ ಮುಗಿಯುತ್ತದೆ ಅಂತ ನಾನು ಹಿಡಿಯುವ ರೀತಿ ಬೇರೆ ಇದೆ, ಅದು ಅಂಗಡಿಯ ಗುಟ್ಟು.

ಅವನ ತಾಯಿಯ ಫೋನಿನಲ್ಲಿ ಹಳೆಯ ವಿಡಿಯೋ ಇನ್ನೊಂದೆರಡು ಇದ್ದವು. ಒಂದರಲ್ಲಿ ಗೋಬಿ ಹೋಗಿ ‘ರೋಟಿ’ ಬಂದಿತ್ತು. ಓಕಾರ-ಇಕಾರ ಮಾತ್ರ ಕದಲಿರಲಿಲ್ಲ. ಎಲ್ಲದರಲ್ಲೂ ಉಳಿದದ್ದೇ ಹಾಡಿನ ಎಲುಬು. ಇನ್ನೊಂದರಲ್ಲಿ ಮುಂದಿನ ಸಾಲೂ ಇತ್ತು: ‘ಗಾಡಿ ಆನೀ ತಂದಿ, ಗೋಡಿ ಅಣ್ಣಾ ತಂದಿ’. ಗಾಡಿ, ಗೋಡಿ, ಎರಡನೇ ಅಕ್ಷರ ಎರಡೂ ಕಡೆ ಡಕಾರ. ಸುಮ್ನೆ ಬರುವ ಪ್ರಾಸವಲ್ಲ ಇದು. ಗೋಡೆಯ ಪಕ್ಕ ‘ಅಣ್ಣಾ’ ಅಂದರೆ ಸುಣ್ಣವೇ ಇರಬೇಕು. ‘ತಂದಿ’ ಜಾಗಕ್ಕೆ ‘ನುಂಗಿ’ ಇಟ್ಟೆ. ‘ಆಡು ಆನೆಯ ನುಂಗಿ, ಗೋಡೆ ಸುಣ್ಣವ ನುಂಗಿ’!

ನಮ್ಮ ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’. ಹಾಡುವಾಗ ‘ಕೋಡಗಾನ’ ಅಂತ ಎಳೆಯುತ್ತಾರೆ, ಹಾಗಾಗಿ ಗುರು-ಲಘು ಅಕ್ಷರಕ್ಕೆ ಅಕ್ಷರ ಕೂತಿತು. ಕ್ಯಾಸೆಟ್ಟಿನ ಧಾಟಿಗೂ ಹುಡುಗನ ಧಾಟಿಗೂ ತಾಳೆಯಾಗಲಿಲ್ಲ. ಕೇಳಿದರೆ, ಅಜ್ಜಿ ಶಿಗ್ಗಾವಿ ಕಡೆಯವರು, ಭಜನೆಯ ಧಾಟಿಯಲ್ಲಿ ಹಾಡುತ್ತಿದ್ದರಂತೆ. ರಾಗ ಹಿಡಿದು ಹೊರಟಿದ್ದರೆ ಇನ್ನೂ ಹುಡುಕುತ್ತಲೇ ಇರುತ್ತಿದ್ದೆ.

ಪಕ್ಕದ ಮನೆಯ ಹುಡುಗಿಯ ಹಾಡಿನ ಮೇಲೂ ಇದನ್ನೇ ಪ್ರಯೋಗಿಸಿದೆ. ಸಿಕ್ಕಲಿಲ್ಲ. ಅವಳು ಹಾಡುವುದು ಒಂದೇ ಸಾಲು, ಏಳೆಂಟು ಅಕ್ಷರ. ಆ ಅಳತೆಗೆ ನೂರಾರು ಹಾಡು ಕೂರುತ್ತವೆ. ಕಡಿಮೆ ಅಂದರೂ ಎರಡು ಸಾಲು ಬೇಕು, ಎರಡು ಬೇರೆ ದಿನದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಗೆಳೆಯ ಈಗ ತನಗೆ ಬಂದ ಇಂಥ ಗಿರಾಕಿಗಳನ್ನು ನನ್ನ ಕಡೆ ಕಳಿಸುತ್ತಾನೆ. ಕಮಿಷನ್ ಕೇಳುತ್ತಾನೆ, ಅದು ಬೇರೆ ಮಾತು.